ಹಾಲು ನೋಡ್ಕೊಳ್ತಾ ಇದ್ದೋರು ಯಾರು?

ಒಲೆ ಮೇಲೆ ಹಾಲಿಟ್ಟಿರುತ್ತೆ. ಅವಳು ನೋಡ್ಕೊಳ್ತಾಳೆ ಅಂತ ಇವನು, ಇವನು ನೋಡ್ಕೊಳ್ತಾನೆ ಅಂತ ಅವಳು. ಇಬ್ಬರೂ ಅಡುಗೆಮನೆಯಲ್ಲೇ ಇರುತ್ತಾರೆ, ಹಾಲು ಉಕ್ಕುತ್ತೆ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ಪಕ್ಕದ ಗಾಲ್ಫ್ ಮೈದಾನದಲ್ಲಿ ಆದದ್ದನ್ನು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ಅದು ಇಂಡಿಯನ್ ಏರ್‌ಲೈನ್ಸ್‌ನ 605, ಬಾಂಬೆಯಿಂದ ಬರುತ್ತಿದ್ದ ಹೊಚ್ಚಹೊಸ ಏರ್‌ಬಸ್ ಎ320. ಮಧ್ಯಾಹ್ನದ ಹೊತ್ತು, ಆಕಾಶ ಶುಭ್ರ, ರನ್‌ವೇ ಕಣ್ಣೆದುರಿಗೇ ಇತ್ತು. ಎಂಜಿನ್ ಕೆಟ್ಟಿರಲಿಲ್ಲ. ಆದರೂ ವಿಮಾನ ರನ್‌ವೇಗಿಂತ ಮೊದಲೇ ನೆಲಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. "ಕಂಪ್ಯೂಟರ್ ವಿಮಾನ, ಕಂಪ್ಯೂಟರ್ ಕೈಕೊಟ್ಟಿತು" ಅಂತ ಇವತ್ತಿಗೂ ಹೇಳುವವರಿದ್ದಾರೆ. ಹ್ಯಾಂಗರ್‌ನಲ್ಲಿ ಏವಿಯಾನಿಕ್ಸ್ ಕೆಲಸ ಮಾಡಿದ ನನಗೆ ಆ ಮಾತು ಒಪ್ಪಿಗೆಯಿಲ್ಲ. ಹಾಗಂತ "ಪೈಲಟ್ ತಪ್ಪು" ಅಂತ ಒಂದೇ ಮಾತಲ್ಲಿ ಫೈಲ್ ಮುಚ್ಚುವುದೂ ಸರಿ ಕಾಣಲ್ಲ.

ಇಳಿಯುವ ವಿಮಾನಕ್ಕೆ ಎರಡು ಕೆಲಸ ಇರುತ್ತವೆ. ಎಷ್ಟು ಇಳಿಜಾರಲ್ಲಿ ಇಳಿಯಬೇಕು ಅನ್ನುವುದು ಒಂದು, ಎಷ್ಟು ವೇಗದಲ್ಲಿ ಅನ್ನುವುದು ಇನ್ನೊಂದು. ಇದಕ್ಕೆ ಕೈಗಳೂ ಎರಡೇ: ಮೂಗು ಮತ್ತು ಎಂಜಿನ್. ಯಾವ ಕೈಗೆ ಯಾವ ಕೆಲಸ ಅಂತ ಹಂಚುವುದನ್ನೇ ಮೋಡ್ ಅನ್ನುತ್ತಾರೆ.

ಎ320ಯಲ್ಲಿ ವರ್ಟಿಕಲ್ ಸ್ಪೀಡ್ ಅನ್ನೋ ಮೋಡ್ ಇದೆ. ನಿಮಿಷಕ್ಕೆ 700 ಅಡಿ ಇಳಿ ಅಂದರೆ ಮೂಗು ಆ ಇಳಿಜಾರನ್ನು ಹಿಡಿಯುತ್ತೆ. ವೇಗ ಎಂಜಿನ್ ಪಾಲಿಗೆ ಬರುತ್ತೆ. ಅಂದರೆ ಆಟೊಥ್ರಸ್ಟ್ ತಾನೇ ಶಕ್ತಿ ಏರಿಸಿ ಇಳಿಸಿ ವೇಗ ಕಾಯುತ್ತೆ. ಓಪನ್ ಡಿಸೆಂಟ್ ಅನ್ನೋದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಎಂಜಿನ್ ಐಡಲ್‌ಗೆ ಹೋಗಿ, ಅಂದರೆ ಕನಿಷ್ಠ ಶಕ್ತಿಯಲ್ಲಿ, ಸುಮ್ನೆ ಕೂತುಬಿಡುತ್ತೆ, ಮೂಗೇ ವೇಗ ನೋಡಿಕೊಳ್ಳಬೇಕು. ವೇಗ ಕಮ್ಮಿಯಾದರೆ ಮೂಗು ತಗ್ಗಿಸಬೇಕು, ಜಾಸ್ತಿಯಾದರೆ ಎತ್ತಬೇಕು. ಪೆಡಲ್ ತುಳಿಯದೆ ಸೈಕಲ್‌ನಲ್ಲಿ ಇಳಿಜಾರು ಇಳಿದ ಹಾಗೆ. ಎತ್ತರದಿಂದ ಬೇಗ ಕೆಳಗೆ ಬರೋಕೆ ಇದು ಒಳ್ಳೆಯ ಮೋಡ್, ನೆಲದ ಹತ್ತಿರ ಅಲ್ಲ.

ಆಟೊಪೈಲಟ್ ಆನ್ ಇದ್ದರೆ ಎರಡು ಕೈಗಳೂ ಒಬ್ಬನವೇ, ಜಗಳವಿಲ್ಲ. ತೊಂದರೆ ಶುರುವಾಗೋದು ಆಟೊಪೈಲಟ್ ತೆಗೆದು, ಆಟೊಥ್ರಸ್ಟ್ ಮಾತ್ರ ಬಿಟ್ಟುಕೊಂಡಾಗ. ಆಗ ಮೂಗು ಪೈಲಟ್ ಕೈಯಲ್ಲಿ, ಎಂಜಿನ್ ಯಂತ್ರದ ಕೈಯಲ್ಲಿ. ಮೂಗನ್ನು ಎಲ್ಲಿಡಬೇಕು ಅಂತ ಫ್ಲೈಟ್ ಡೈರೆಕ್ಟರ್ ಪರದೆ ಮೇಲೆ ಗೆರೆ ತೋರಿಸುತ್ತೆ. ಪೈಲಟ್ ಆ ಗೆರೆ ಹಿಂದೆ ಹೋಗುತ್ತಾನೆ ಅನ್ನೋದು ಯಂತ್ರದ ನಂಬಿಕೆ. ಆದರೆ ಬಿಸಿಲಲ್ಲಿ ರನ್‌ವೇ ಕಾಣುತ್ತಿರುವಾಗ ಗೆರೆ ಯಾರು ನೋಡುತ್ತಾರೆ? ಕಣ್ಣು ಕಿಟಕಿಯಾಚೆ ಇರುತ್ತೆ. ವಿಮಾನ ತಗ್ಗಿತು ಅನ್ನಿಸಿದರೆ ಕೈ ತಾನಾಗಿ ಮೂಗು ಎತ್ತುತ್ತೆ. ಮೂಗು ಈಗ ಇಳಿಜಾರು ನೋಡುತ್ತಿದೆ. ಎಂಜಿನ್ ಮಾತ್ರ "ವೇಗ ಮೂಗಿನ ಕೆಲಸ ಅಲ್ವಾ" ಅಂತ ಐಡಲ್‌ನಲ್ಲೇ ಇದೆ. ವೇಗ ಈಗ ಯಾರ ಕೈಯಲ್ಲೂ ಇಲ್ಲ.

605ರಲ್ಲಿ ಆಗಿದ್ದು ಇದೇ. ಹಾರಿಸುತ್ತಿದ್ದ ಕ್ಯಾಪ್ಟನ್ 700 ಅಡಿ ದರದ ಇಳಿಕೆ ಕೇಳಿದರು. ಪಕ್ಕದಲ್ಲಿದ್ದ, ಅವರನ್ನು ಪರೀಕ್ಷಿಸುತ್ತಿದ್ದ ಕ್ಯಾಪ್ಟನ್ ಇಳಿಕೆ ದರದ ಗುಂಡಿ ಬದಲು ಅದರ ಪಕ್ಕದ್ದೇ ಆದ ಎತ್ತರದ ಗುಂಡಿ ತಿರುಗಿಸಿರಬೇಕು ಅನ್ನುವುದು ತನಿಖೆಯಲ್ಲಿ ಬಂದ ಊಹೆ. ಹೇಗೇ ಆಗಿರಲಿ, ವಿಮಾನ ಓಪನ್ ಡಿಸೆಂಟ್‌ನಲ್ಲಿತ್ತು. ಇರಬೇಕಾದ ವೇಗ 132 ನಾಟ್. ಕೊನೆಗೆ ಅದು 106ಕ್ಕೆ ಇಳಿದಿತ್ತು.

ನನ್ನನ್ನು ಬಹಳ ಕಾಡುವುದು ಮುಂದಿನ ಭಾಗ. ಓಪನ್ ಡಿಸೆಂಟ್‌ನಲ್ಲಿದ್ದೀವಿ ಅನ್ನೋದು ಆ ಕಾಕ್‌ಪಿಟ್‌ನಲ್ಲಿ ಗೊತ್ತಾಗಿತ್ತು. ಅದರ ಮಾತು ಬಂದಿತ್ತು. ಫ್ಲೈಟ್ ಡೈರೆಕ್ಟರ್ ತೆಗೆಯೋಣ ಅನ್ನುವ ಮಾತೂ ಆಯಿತು. ಅದು ಸರಿಯಾದ ಮದ್ದೇ. ಎರಡೂ ಕಡೆಯ ಫ್ಲೈಟ್ ಡೈರೆಕ್ಟರ್ ತೆಗೆದರೆ ಆಟೊಥ್ರಸ್ಟ್ ತಾನಾಗಿ ಸ್ಪೀಡ್ ಮೋಡಿಗೆ ಬಂದು ವೇಗ ಕಾಯಲು ನಿಲ್ಲುತ್ತೆ. ಆದರೆ ತೆಗೆದದ್ದು ಒಂದು ಕಡೆಯದ್ದು ಮಾತ್ರ, ಇನ್ನೊಂದು ಉಳಿದೇಬಿಟ್ಟಿತು. ಒಂದು ಆನ್ ಇದ್ದರೂ ಸಾಕು, ಗೆರೆ ಹಿಂದೆ ಯಾರೋ ಬರುತ್ತಿದ್ದಾರೆ ಅಂತಲೇ ಯಂತ್ರದ ಲೆಕ್ಕ. ಎಂಜಿನ್ ಐಡಲ್‌ನಿಂದ ಏಳಲಿಲ್ಲ.

ನಾನೂರು, ಮುನ್ನೂರು, ಇನ್ನೂರು ಅಂತ ಯಂತ್ರ ಅಡಿಗಳನ್ನು ಕೂಗುತ್ತಾ ಹೋಯಿತು. ಕೊನೆಗೆ ಎಂಜಿನ್ ಶಕ್ತಿಯ ಲಿವರ್ ಪೂರ್ತಿ ಮುಂದೆ ತಳ್ಳಿದರು. ವೇಗ ಅತಿಯಾಗಿ ಬಿದ್ದಾಗ ತಾನೇ ಪೂರ್ತಿ ಶಕ್ತಿ ಕೊಡುವ ಆಲ್ಫಾ ಫ್ಲೋರ್ ರಕ್ಷಣೆಯೂ ಈ ವಿಮಾನದಲ್ಲಿದೆ. ಆದರೆ ಜೆಟ್ ಎಂಜಿನ್ ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರೋಕೆ ಏಳೆಂಟು ಸೆಕೆಂಡ್ ಬೇಕು. ಅಷ್ಟು ಎತ್ತರ ಉಳಿದಿರಲಿಲ್ಲ. ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ನೇತೃತ್ವದ ವಿಚಾರಣೆ, ಐಡಲ್ ಓಪನ್ ಡಿಸೆಂಟ್ ಅಂತ ಗೊತ್ತಿದ್ದೂ ಪರಿಸ್ಥಿತಿಯ ತೀವ್ರತೆ ಅರಿತು ಕೂಡಲೇ ಥ್ರಾಟಲ್ ತಳ್ಳದ್ದನ್ನೇ ಕಾರಣವೆಂದು ಬರೆಯಿತು.

ಮೋಡ್ ಕನ್‌ಫ್ಯೂಶನ್ ಅಂದರೆ ಮೋಡಿನ ಹೆಸರು ಗೊತ್ತಿಲ್ಲದಿರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹೆಸರು ಗೊತ್ತಿತ್ತು. "ಹಾಗಾದರೆ ಈ ಕ್ಷಣ ವೇಗ ನನ್ನ ತಲೆ ಮೇಲಿದೆ" ಅನ್ನೋದು ತಲೆಗೆ ಹೊಳೆಯಲಿಲ್ಲ.

ಏರ್‌ಬಸ್‌ನ ಲಿವರ್ ಬಗ್ಗೆ ನನಗೊಂದು ಹಳೇ ತಕರಾರಿದೆ. ಆಟೊಥ್ರಸ್ಟ್ ಕೆಲಸ ಮಾಡುವಾಗ ಲಿವರ್ ಕದಲುವುದಿಲ್ಲ. ಎಂಜಿನ್ ಜೋರಾಗಿರಲಿ, ಐಡಲ್‌ನಲ್ಲಿರಲಿ, ಲಿವರ್ CL, ಅಂದರೆ ಕ್ಲೈಂಬ್, ಅನ್ನೋ ಗುರುತಿನಲ್ಲೇ ಇರುತ್ತೆ. ಕೈಗೆ ಏನೂ ತಿಳಿಯಲ್ಲ. ಬೋಯಿಂಗ್‌ನಲ್ಲಿ ಲಿವರ್ ಓಡಾಡುತ್ತೆ, ಅದೇ ವಾಸಿ ಅಂತ ತುಂಬಾ ಕಾಲ ವಾದ ಮಾಡುತ್ತಿದ್ದೆ.

2013ರ ಜುಲೈ 6ರಂದು ಏಷ್ಯಾನಾ 214 ಆ ವಾದದ ಗಾಳಿ ತೆಗೆಯಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಿದ್ದ ಬೋಯಿಂಗ್ 777. ಅವತ್ತೂ ಹವೆ ಚೆನ್ನಾಗಿತ್ತು. ವಿಮಾನ ತುಸು ಎತ್ತರದಲ್ಲಿತ್ತು, ಬೇಗ ಇಳಿಸಲು ಪೈಲಟ್ ಎತ್ತರ ಬದಲಿಸುವ FLCH ಅನ್ನೋ ಮೋಡಿನ ಗುಂಡಿ ಒತ್ತಿದರು. ಆದರೆ ಎತ್ತರದ ಕಿಂಡಿಯಲ್ಲಿ ಕೂತಿದ್ದದ್ದು 3,000 ಅಡಿ, ಇಳಿಯಲಾಗದಿದ್ದರೆ ಮತ್ತೆ ಏರಬೇಕಾದ ಎತ್ತರ. ಯಂತ್ರ ಪಾಪ, ಹೇಳಿದ್ದನ್ನೇ ಮಾಡಿತು, ಏರಲು ಹೊರಟಿತು. ಪೈಲಟ್ ಆಟೊಪೈಲಟ್ ತೆಗೆದು ಲಿವರ್‌ಗಳನ್ನು ಕೈಯಲ್ಲೇ ಐಡಲ್‌ಗೆ ಎಳೆದರು. ಅಲ್ಲಿಗೆ ಆಟೊಥ್ರಾಟಲ್, ಅಂದರೆ ಬೋಯಿಂಗ್‌ನ ಆಟೊಥ್ರಸ್ಟ್, HOLDಗೆ ಹೋಯಿತು. HOLD ಅಂದರೆ "ಲಿವರ್ ನಿಮ್ಮದು, ನಾನು ಮುಟ್ಟಲ್ಲ" ಅಂತ. ಆಟೊಥ್ರಾಟಲ್ ವೇಗ ಕಾಯುತ್ತಿದೆ ಅಂತಲೇ ಅವರು ನಂಬಿದ್ದರು. 137 ನಾಟ್ ಇರಬೇಕಾದದ್ದು 103ರ ಆಸುಪಾಸಿಗೆ ಬಿತ್ತು. ಬಾಲ ಸಮುದ್ರದ ತಡೆಗೋಡೆಗೆ ಬಡಿಯಿತು, ಮೂವರು ಸತ್ತರು. ಅಲ್ಲಿ ಲಿವರ್ ಓಡಾಡುವ ವಿಮಾನವೇ ಇತ್ತು, ಓಡಾಡಬೇಕಾದ ಹೊತ್ತಲ್ಲಿ ಓಡಾಡಲಿಲ್ಲ ಅಷ್ಟೇ.

ವೇಗ ಯಾರ ಕೈಯಲ್ಲಿದೆ ಅಂತ ಗೊತ್ತುಮಾಡಿಕೊಳ್ಳುವ ದಾರಿ ಕಣ್ಣೆದುರೇ ಇದೆ. ಪೈಲಟ್ ಪರದೆಯ ನೆತ್ತಿಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತೆ. ಎಡತುದಿಯ ಮೊದಲ ಖಾನೆ ಎಂಜಿನ್‌ದು. ಎ320ಯಲ್ಲಿ ಅಲ್ಲಿ SPEED ಅಂತಿದ್ದರೆ ಹಾಲು ನೋಡುವವರು ಇದ್ದಾರೆ. THR IDLE, ಪಕ್ಕದಲ್ಲಿ OP DES ಅಂತಿದ್ದರೆ ಗೆರೆ ಹಿಂದೆ ಹೋಗಲೇಬೇಕು, ಇಲ್ಲವಾದರೆ ಮೋಡ್ ಬದಲಿಸಬೇಕು. ನೆಲ ಹತ್ತಿರವಿದ್ದರೆ ಯಾವ ಗುಂಡಿಯನ್ನೂ ಹುಡುಕದೆ ಲಿವರ್ ಮುಂದೆ ತಳ್ಳಬೇಕು. ಪಟ್ಟಿ ಬದಲಾದಾಗಲೆಲ್ಲ ಜೋರಾಗಿ ಓದಿ ಹೇಳುವ ಪದ್ಧತಿ ಇದೆ. ನನ್ನ ಗೆಳೆಯ ಕ್ಯಾಪ್ಟನ್ ಒಬ್ಬರು ಓದಿದ ಮೇಲೆ ಒಂದು ಮಾತು ಸೇರಿಸುತ್ತಾರೆ: "ಥ್ರಸ್ಟ್ ಐಡಲ್, ಓಪನ್ ಡಿಸೆಂಟ್. ಸ್ಪೀಡ್ ನಂದು."