ಊಟಕ್ಕೆ ಕರೆದವರಿಗೆ ಕಾರ್ಡಿನಲ್ಲಿ ಏನು ಬರೆಯೋದು?

ನಮ್ಮಲ್ಲಿ ಉಂಡು ಕೈ ತೊಳೆದ ಮೇಲೆ ‘ಧನ್ಯವಾದಗಳು’ ಅನ್ನೋ ರೂಢಿ ಇರಲಿಲ್ಲ. ‘ಊಟ ಬಹಳ ಚೆನ್ನಾಗಿತ್ತು’, ‘ಬರ್ತೀವಿ, ನೀವೂ ಬನ್ನಿ’ ಅಂದರೆ ಅದರಲ್ಲೇ ಎಲ್ಲ ಬಂತು. ಈಗ ಹೂವಿನ ಜೊತೆಗೋ ಸ್ವೀಟ್ ಬಾಕ್ಸ್ ಮೇಲೋ ಒಂದು ಪುಟ್ಟ ಕಾರ್ಡ್ ಇಡೋದು ಶುರುವಾಗಿದೆ. ತಪ್ಪೇನಿಲ್ಲ. ಆದರೆ ಪೆನ್ನು ಹಿಡಿದ ತಕ್ಷಣ ಕೈಯಿಂದ ಇಳಿಯೋದು ಹೀಗಿರುತ್ತೆ:

‘ರುಚಿಕರವಾದ ಭೋಜನಕ್ಕಾಗಿ ಹಾಗೂ ಅದ್ಭುತ ಸಂಜೆಗಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು.’

ವ್ಯಾಕರಣ ಸರಿ ಇದೆ, ಆದರೆ ಜೀವ ಇಲ್ಲ. ‘ರುಚಿಕರ ಭೋಜನ’ ಹೋಟೆಲ್ ಬೋರ್ಡಿನ ಮಾತು, ‘ಹೃತ್ಪೂರ್ವಕ’ ಫ್ಲೆಕ್ಸ್ ಬ್ಯಾನರಿನದು. ‘ಸಂಜೆಗಾಗಿ ಧನ್ಯವಾದ’ ಅಂತ ಕನ್ನಡದ ಬಾಯಿ ಯಾವತ್ತೂ ಹೇಳಿಲ್ಲ. ‘ಊಟಕ್ಕಾಗಿ’ ಅಂದರೆ ಇನ್ನೂ ಕಷ್ಟ, ಊಟದ ಆಸೆಗೆ ಬಂದಿದ್ವಿ ಅನ್ನೋ ಹಾಗೆ ಕೇಳುತ್ತೆ. ನಮ್ಮ ಭಾಷೆಯಲ್ಲಿ ಇಂಥ ಕಡೆ ಕ್ರಿಯಾಪದವೇ ಕೆಲಸ ಮಾಡೋದು: ಕರೆದಿರಿ, ಮಾಡಿದಿರಿ, ಬಡಿಸಿದಿರಿ, ಕೂರಿಸಿ ಉಣಿಸಿದಿರಿ. ಅವರು ಮಾಡಿದ್ದನ್ನ ಹೇಳಿಬಿಟ್ಟರೆ ಅರ್ಧ ಕೃತಜ್ಞತೆ ಅಲ್ಲೇ ಸಂದಿತು.

ಒಂದು ಉದಾಹರಣೆ ತಗೊಳ್ಳೋಣ. ಅವರೆಕಾಯಿ ಕಾಲ, ಶನಿವಾರ ರಾತ್ರಿ, ಪಕ್ಕದ ಬೀದಿಯ ಆಂಟಿ ಮನೆಯಲ್ಲಿ ಊಟ. ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು, ಕೊನೆಗೆ ಅಂಗಡಿಯಿಂದ ತಂದ ಜಾಮೂನು. ಇದರಲ್ಲಿ ಹೊಗಳಬೇಕಾದ್ದು ಯಾವುದು? ಸಾರು ಒಂದೇ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೂ ಬೆರಳಲ್ಲಿ ಹಿತುಕಿ ಸಿಪ್ಪೆ ತೆಗೆಯೋ ಕೆಲಸ ಅದು. ಹತ್ತು ಜನಕ್ಕೆ ಮಾಡಬೇಕಂದ್ರೆ ಬೆರಳು ನೋಯುತ್ತೆ. ಆ ಶ್ರಮ ಗೊತ್ತಾಗಿದೆ ಅಂತ ತೋರಿಸಿದರೆ ಅವರಿಗೆ ಆಗೋ ಸಂತೋಷವೇ ಬೇರೆ. ಜಾಮೂನು ಹೊಗಳಿದರೆ ‘ಅಯ್ಯೋ, ಅದು ತಂದಿದ್ದು’ ಅಂತ ಅವರಿಗೇ ಮುಜುಗರ. ಹಾಗಾಗಿ:

‘ಆಂಟಿ, ಶನಿವಾರದ ಹಿತಕಿದ ಬೇಳೆ ಸಾರಿನ ರುಚಿ ಇನ್ನೂ ನಾಲಿಗೆ ಮೇಲಿದೆ. ಅಷ್ಟೂ ಕಾಳು ಹಿತುಕಿ, ಇಷ್ಟು ಜನರನ್ನ ಕೂರಿಸಿ ಬಡಿಸಿದಿರಿ. ತುಂಬಾ ಥ್ಯಾಂಕ್ಸ್. ನೀವೂ ಅಂಕಲ್ಲೂ ಮುಂದಿನ ಭಾನುವಾರ ನಮ್ಮನೆಗೆ ಊಟಕ್ಕೆ ಬರಲೇಬೇಕು.’

ನಾಲ್ಕು ವಾಕ್ಯ, ಅಂಗೈ ಅಗಲದ ಕಾರ್ಡಿಗೆ ಧಾರಾಳ ಸಾಕು. ಇಲ್ಲಿ ‘ಥ್ಯಾಂಕ್ಸ್’ ಅಂತಲೇ ಬರೆದಿರೋದನ್ನ ನೋಡಿ ಕನ್ನಡಾಭಿಮಾನಿಗಳು ಬೈಬೇಡಿ. ದಿನಾ ‘ಆಂಟಿ’ ಅಂತ ಕೂಗೋರಿಗೆ ಒಮ್ಮೆಲೇ ‘ಧನ್ಯವಾದಗಳು’ ಅಂದರೆ ಒಂದು ಮಾರು ದೂರ ನಿಲ್ಲಿಸಿದಂತೆ. ಅಕ್ಕ, ಅತ್ತೆಯಂಥ ಹತ್ತಿರದವರಿಗಾದರೆ ಆ ‘ಥ್ಯಾಂಕ್ಸ್’ ಕೂಡ ತೆಗೆದುಬಿಡಿ. ಉಳಿದ ಮೂರು ವಾಕ್ಯವೇ ಹೆಚ್ಚು ಬೆಚ್ಚಗಿರುತ್ತೆ. ಕೊನೆಯ ಸಾಲಲ್ಲಿ ‘ಮುಂದಿನ ಭಾನುವಾರ’ ಅಂತ ದಿನ ಹೇಳಿದ್ದಕ್ಕೂ ಕಾರಣ ಇದೆ. ಬರೀ ‘ನೀವೂ ಬನ್ನಿ’ ಅಂದರೆ ಬಾಯುಪಚಾರ, ದಿನ ಹೇಳಿದರೆ ಕರೆ. ಕರೆಯೋ ಮನಸ್ಸಿಲ್ಲದಿದ್ದರೆ ದಿನ ಬರೀಬೇಡಿ, ಅವರು ಬಂದೇ ಬರ್ತಾರೆ!

ಊಟಕ್ಕೆ ಕರೆದವರು ಮೇಲಧಿಕಾರಿಯೋ ಹಿರಿಯರೋ ಆಗಿದ್ದರೆ ‘ಧನ್ಯವಾದಗಳು’ ಸರಿಯಾಗೇ ಕೂರುತ್ತೆ: ‘ಸರ್, ಮೇಡಂ, ನಮ್ಮನ್ನು ಮನೆಗೆ ಕರೆದು ಮನೆಯವರಂತೆಯೇ ಉಪಚರಿಸಿದಿರಿ. ಒಬ್ಬಟ್ಟು, ಸಾರು ಎರಡೂ ಬಹಳ ಚೆನ್ನಾಗಿದ್ದವು. ನಿಮ್ಮಿಬ್ಬರಿಗೂ ಧನ್ಯವಾದಗಳು.’ ಅಡುಗೆ ಯಾರು ಮಾಡಿದ್ದು ಅಂತ ಖಚಿತ ಇಲ್ಲದಿದ್ದರೆ ‘ಮೇಡಂ ಕೈರುಚಿ’ ಅಂತ ಊಹಿಸಿ ಬರೀಬೇಡಿ. ಒಲೆ ಮುಂದೆ ನಿಂತಿದ್ದು ಸರ್ ಇರಬಹುದು, ಅಡುಗೆಯವರೂ ಇರಬಹುದು. ‘ನಿಮ್ಮನೆ ಒಬ್ಬಟ್ಟು’ ಅಂದರೆ ಯಾರು ಮಾಡಿದ್ದರೂ ನಡೆಯುತ್ತೆ. ‘ಮಕ್ಕಳು ಇನ್ನೂ ಒಬ್ಬಟ್ಟು ಕೇಳ್ತಿದ್ದಾರೆ’ ಅಂತ ಬರೆದರೆ ಮಾತ್ರ ಮಾರನೇ ದಿನ ಡಬ್ಬಿ ಬರುತ್ತೆ. ಹೊಗಳಿಕೆ ಹೋಗಿ ಬೇಡಿಕೆ ಆಯ್ತು.

ಇನ್ನು ಕೆಲವು ಮಾತು ಒಳ್ಳೇ ಮನಸ್ಸಿಂದ ಹೊರಟು ಎಡವುತ್ತೆ. ‘ಉಪ್ಪು ಖಾರ ಎಲ್ಲ ಹದವಾಗಿತ್ತು’ ಅಂದರೆ ಅಡುಗೆ ಸ್ಪರ್ಧೆಯಲ್ಲಿ ಮಾರ್ಕ್ಸ್ ಹಾಕಿದ ಹಾಗೆ. ‘ಹೋಟೆಲ್ ಊಟದ ಹಾಗಿತ್ತು’ ಅನ್ನೋದು ಮನೆಯಲ್ಲಿ ಬೆಂದು ಮಾಡಿದವರಿಗೆ ಬೈಗುಳವೇ. ‘ನಿಮ್ಮ ಋಣ ಹೇಗೆ ತೀರಿಸೋದೋ’ ಅನ್ನೋದು ವರ್ಷಗಟ್ಟಲೆ ಅನ್ನ ಹಾಕಿದವರಿಗೆ ಹೇಳೋ ಮಾತು, ಒಂದು ರಾತ್ರಿಯ ಊಟಕ್ಕೆ ಭಾರವಾಯ್ತು. ‘ಅನ್ನದಾತಾ ಸುಖೀಭವ’ ಎಲೆ ಮುಂದೆ ಚೆಂದ. ಅದು ಹರಸೋ ಮಾತು, ಕಿರಿಯರು ಹಿರಿಯರಿಗೆ ಕಾರ್ಡಲ್ಲಿ ಬರೆದು ಕಳಿಸಿದರೆ ಸ್ವಲ್ಪ ತಲೆಕೆಳಗಾಗಿ ಕಾಣುತ್ತೆ.

ಬರೆದಾದ ಮೇಲೆ ಸರ್ವನಾಮ ನೋಡಿ. ‘ತಾವು’ ಅಂತ ಶುರುವಾಗಿ ‘ನಿಮ್ಮ’ ಅಂತ ಹೋಗಿ ‘ಬಾ’ ಅಂತ ಮುಗಿದಿರುತ್ತೆ. ಒಂದನ್ನ ಹಿಡಿದರೆ ಕೊನೆತನಕ ಅದೇ ಇರಲಿ. ಕಾಗುಣಿತವನ್ನೂ ನೋಡಿ: ಧನ್ಯವಾದದಲ್ಲಿ ಮೊದಲನೇದು ಧ, ಕೊನೇದು ದ. ಆತಿಥ್ಯದಲ್ಲಿ ತಿ ಮೊದಲು, ಥ್ಯ ಆಮೇಲೆ. ತಪ್ಪಾದರೆ ಮೇಲೆ ಗೀಚಬೇಡಿ, ಹೊಸ ಕಾರ್ಡ್ ತಗೊಳ್ಳಿ. ಮೊದಲು ಹಳೇ ರಸೀದಿ ಹಿಂದೆ ಬರೆದು ನೋಡಿಕೊಂಡಿದ್ದರೆ ಆ ಕಾರ್ಡೂ ಉಳಿಯುತ್ತಿತ್ತು.