ನೆಗಡಿ ತಾನೇ?

ಬೆಳಗ್ಗೆ ಹಾಲಿನ ಬೂತ್ ಮುಂದೆ ನಾನು ಸತತವಾಗಿ ಐದು ಸಲ ಸೀನಿದೆ. ಪಕ್ಕದ ಮನೆಯ ರಾಯರು ಎರಡು ಹೆಜ್ಜೆ ಹಿಂದೆ ಸರಿದು, ಕರುಣೆಯಿಂದ ನೋಡಿ, "ನೆಗಡಿ ತಾನೇ?" ಅಂದರು. ನೆಗಡಿಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ "ತಾನೇ".

ನಮ್ಮಜ್ಜಿ ಹೀಗೆ ಹಗುರವಾಗಿ ಮಾತಾಡುತ್ತಿರಲಿಲ್ಲ. "ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಅನ್ನುತ್ತಿದ್ದಳು. ಬುಗುಡಿಯ ವಿಷಯ ನನಗೆ ಗೊತ್ತಿಲ್ಲ. ಮೊದಲರ್ಧಕ್ಕೆ ಮಾತ್ರ ಮೂಗೊತ್ತಿ ಸಾಕ್ಷಿ ಹೇಳಬಲ್ಲೆ.

ಇದೇ ರಾಯರಿಗೆ ಹೋದ ತಿಂಗಳು ಎರಡು ಸೀನು ಬಂದಾಗ ಅದು "ಫ್ಲೂ" ಆಗಿತ್ತು. ಮೂರು ದಿನ ರಜ. ನನಗಾದರೆ ನೆಗಡಿ, ಅವರಿಗಾದರೆ ಫ್ಲೂ. ಈ ಅನ್ಯಾಯದ ವಿರುದ್ಧ ಏನಾದರೂ ಹೇಳಬೇಕು ಅಂದುಕೊಂಡೆ. ಬಾಯಿ ತೆರೆದರೆ ಆರನೇ ಸೀನು ಬಂತು.

ಮನೆಗೆ ಬಂದರೆ ಇನ್ನೊಂದು ಸಾಲು ಕಾದಿತ್ತು: "ನಿನ್ನೆ ಮಳೇಲಿ ನೆನೆದ್ರಲ್ಲ, ಅದಕ್ಕೇ." ಮೆಣಸಿನ ಕಷಾಯದ ಲೋಟದ ಜೊತೆಗೇ ತೀರ್ಪೂ ಬಂದಿತ್ತು. ಕುಡಿಯುವಾಗ ಇಂಗ್ಲೆಂಡಿನ ಸಾಲ್ಸ್‌ಬರಿ ನೆನಪಾಯಿತು. ನಾನು ಅಲ್ಲಿಗೆ ಹೋದವನಲ್ಲ. ಆದರೆ ನೆಗಡಿಯಾದಾಗಲೆಲ್ಲ ಮನಸ್ಸು ಅಲ್ಲಿಗೆ ಒಂದು ಸುತ್ತು ಹೋಗಿ ಬರುತ್ತದೆ.

ಊರಾಚೆ, ಎರಡನೇ ಮಹಾಯುದ್ಧದ ಕಾಲದ ಒಂದಿಷ್ಟು ಗುಡಿಸಲಿನಂಥ ಕಟ್ಟಡಗಳು. 1946ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ನೆಗಡಿಯದ್ದೇ ಒಂದು ಸಂಶೋಧನಾ ಕೇಂದ್ರವಿತ್ತು. ಜನ ತಾವಾಗಿ ಬಂದು ಹತ್ತು ದಿನ ಇರುತ್ತಿದ್ದರು. ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ಕಾಸು, ಮೂಗಿಗೆ ನಾಲ್ಕು ಹನಿ. ಹನಿಯಲ್ಲಿ ವೈರಸ್ ಇರಬಹುದು, ಬರೀ ಉಪ್ಪುನೀರೂ ಇರಬಹುದು. ಯಾರಿಗೆ ಯಾವುದು ಅಂತ ಹೇಳುತ್ತಿರಲಿಲ್ಲ. ಹೊರಗಿನವರ ಹತ್ತಿರ ಹೋಗುವಂತಿಲ್ಲ. ಅದನ್ನು ರಜೆ ಅಂದುಕೊಂಡು ಮತ್ತೆ ಮತ್ತೆ ಬಂದವರೂ ಇದ್ದರು.

ಅಲ್ಲಿನ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ತಕ್ಕಡಿ. ಮೂಗೊರೆಸಿದ ಕಾಗದಗಳನ್ನೆಲ್ಲ ಒಟ್ಟು ಮಾಡಿ, ಎಣಿಸಿ, ತೂಗುತ್ತಿದ್ದರು. ಒದ್ದೆ ಕಾಗದದ ತೂಕದಲ್ಲಿ ಒಣ ಕಾಗದದ ತೂಕ ಕಳೆದರೆ ಸಿಂಬಳದ ಲೆಕ್ಕ ಸಿಕ್ಕಿತು. "ಭಾರೀ ನೆಗಡಿ ಸಾರ್" ಅಂತ ಅಲ್ಲಿ ಯಾರೂ ಬಾಯಿಮಾತಲ್ಲಿ ಹೇಳಿ ಗೆಲ್ಲುವಂತಿರಲಿಲ್ಲ. ಎಷ್ಟು ಗ್ರಾಂ, ತೋರಿಸಿ! ಅಂಥ ಒಂದು ತಕ್ಕಡಿ ನಮ್ಮ ಬೀದಿಗೂ ಬೇಕು.

ಮಳೆಯ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಕೆಲವರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ಅರ್ಧ ಗಂಟೆ ನಿಲ್ಲಿಸಿದರು. ಆಮೇಲೆ ಒದ್ದೆ ಕಾಲುಚೀಲ ಹಾಕಿಸಿ ಕೂರಿಸಿದರು. ಬರೀ ಚಳಿ ಉಂಡವರಿಗೆ ಒಬ್ಬರಿಗೂ ನೆಗಡಿಯಾಗಲಿಲ್ಲ. ವೈರಸ್ ಇಲ್ಲದೆ ಬರೀ ಚಳಿಯಿಂದ ಮೂಗು ಸೋರದು ಅಂತಾಯಿತು. ಇದನ್ನು ಹೇಳಿದೆ. "ಕಷಾಯ ಆರುತ್ತೆ, ಕುಡೀರಿ" ಅಂತ ಉತ್ತರ ಬಂತು.

ಆದರೆ ನ್ಯಾಯವಾಗಿ ಹೇಳಬೇಕು, ಚಳಿಗೂ ನೆಗಡಿಗೂ ನಂಟೇ ಇಲ್ಲ ಅನ್ನುವಂತಿಲ್ಲ. ನೆಗಡಿಯ ವೈರಸ್‌ಗಳಲ್ಲಿ ದೊಡ್ಡ ಗುಂಪು ರೈನೋವೈರಸ್. ಅದನ್ನು ಲ್ಯಾಬಿನಲ್ಲಿ ಬೆಳೆಸಲು ಸಾಲ್ಸ್‌ಬರಿಯವರು ವರ್ಷಗಟ್ಟಲೆ ಒದ್ದಾಡಿದರು. 37 ಡಿಗ್ರಿ, ಅಂದರೆ ಮೈಯ ಬಿಸಿ ಕೊಟ್ಟರೆ ಅದು ಸರಿಯಾಗಿ ಬೆಳೆಯದು. 1960ರಲ್ಲಿ ಡೇವಿಡ್ ಟೈರೆಲ್ ತಂಡ 33 ಡಿಗ್ರಿಗೆ ಇಳಿಸಿತು, ಆಗ ಬೆಳೆಯಿತು. ಉಸಿರಾಡುವ ಗಾಳಿ ತಾಗಿ ತಂಪಾಗಿರುವ ಮೂಗಿನ ಬಿಸಿಯೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕೇ ಈ ವೈರಸ್ ಸಾಮಾನ್ಯವಾಗಿ ಮೂಗಿನ ಮನೆಯಲ್ಲೇ ಬಿಡಾರ ಹೂಡುತ್ತದೆ.

ಇನ್ನು ಬಿಡಾರ ಹೂಡಿ ಮಾಡುವುದೇನು ಅಂತ ನೋಡಿದರೆ, ನನಗಂತೂ ನಾಚಿಕೆಯಾಗುತ್ತದೆ. ಮೂಗಿನ ಒಳಪದರದ ಕೋಶಗಳ ಮೇಲೆ ಐಕ್ಯಾಮ್-1 ಅಂತ ಒಂದು ಪ್ರೋಟೀನ್ ಇದೆ. ಬಹುಪಾಲು ರೈನೋವೈರಸ್‌ಗಳು ಅದನ್ನು ಹಿಡಿದು ಒಳಗೆ ನುಗ್ಗುತ್ತವೆ. ಆದರೆ ಅವು ನುಗ್ಗುವುದು ಎಲ್ಲೋ ಅಲ್ಲೊಂದು ಇಲ್ಲೊಂದು ಕೋಶಕ್ಕೆ. ನೆಗಡಿ ಜೋರಾಗಿರುವಾಗ ಮೂಗಿನೊಳಗಿಂದ ಚೂರು ಪದರ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ. ಹಾಗಾದರೆ ಈ ಸೋರುವಿಕೆ? ಅದೆಲ್ಲ ನಮ್ಮದೇ ಕೆಲಸ. ಸೋಂಕು ತಗುಲಿದ ಕೋಶಗಳು ಕೂಗಿ ಕರೆಯುತ್ತವೆ. ಬ್ರ್ಯಾಡಿಕೈನಿನ್ ಅನ್ನುವ ರಾಸಾಯನಿಕ ರಕ್ತನಾಳ ಹಿಗ್ಗಿಸುತ್ತದೆ, ನೀರು ಸೋರುತ್ತದೆ, ಗಂಟಲು ಕೆರೆಯುತ್ತದೆ. ಬಿಳಿ ರಕ್ತಕಣಗಳು ದಂಡುಕಟ್ಟಿ ಬರುತ್ತವೆ. ಮೂರನೇ ದಿನ ಸಿಂಬಳ ಹಸಿರಾಗುವುದೂ ಅವುಗಳಿಂದಲೇ, ಅವುಗಳೊಳಗೆ ಹಸಿರು ಬಣ್ಣದ ಒಂದು ಕಿಣ್ವವಿದೆ. ಬಣ್ಣ ಕಂಡ ಕೂಡಲೇ ಆ್ಯಂಟಿಬಯೋಟಿಕ್‌ಗೆ ಮೆಡಿಕಲ್ ಶಾಪಿಗೆ ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವೈರಸ್‌ಗೆ ಅದು ಏನೂ ಮಾಡದು. ನೆಗಡಿಯಾಯಿತು ಅಂತ ಮೂಗು ಕೊಯ್ದುಕೊಳ್ಳುವವರನ್ನು ಗಾದೆ ಬೈಯುತ್ತದಲ್ಲ, ಮೂಗು ತಾನೇ ಆ ಕೆಲಸ ಅರ್ಧ ಮಾಡಿಕೊಂಡಿರುತ್ತದೆ.

ಫ್ಲೂ ಆ ಜಾತಿಯದ್ದಲ್ಲ. ನನಗೆ ಒಂದು ಸಲ ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಬಿಸಿಬೇಳೆಬಾತ್ ಎರಡನೇ ಸಲ ಹಾಕಿಸಿಕೊಂಡಿದ್ದೆ. ಐದೂವರೆಗೆ ಕಣ್ಣುಗುಡ್ಡೆ ತಿರುಗಿಸಿದರೂ ನೋವು. ಚಪ್ಪಲಿ ಬಿಚ್ಚಲೂ ತ್ರಾಣವಿಲ್ಲದೆ ಹಾಗೇ ಮಲಗಿದ್ದೆ. ಮೂಗು ಮಾತ್ರ ಒಣಗಿತ್ತು. ಫ್ಲೂ ವೈರಸ್ ಶ್ವಾಸನಾಳದ ಒಳಗೋಡೆಗೇ ಕೈ ಹಾಕುತ್ತದೆ. ಅಲ್ಲಿನ ಕೋಶಗಳ ಮೇಲೆ ಕೂದಲಿನಂಥ ಎಳೆಗಳು ಕಫವನ್ನು ಮೇಲಕ್ಕೆ ಗುಡಿಸುತ್ತಿರುತ್ತವೆ. ವೈರಸ್ ಆ ಕೋಶಗಳಲ್ಲಿ ಮರಿ ಹಾಕಿ ಅವನ್ನು ಕೊಲ್ಲುತ್ತದೆ. ಸೋಂಕು ಜೋರಾದರೆ ಪದರ ಕಿತ್ತುಬಂದು ಬುಡದ ಒಂದು ಸಾಲು ಕೋಶ ಉಳಿಯುತ್ತದಷ್ಟೆ. ಅದು ಮತ್ತೆ ಬೆಳೆದು ಗುಡಿಸತೊಡಗಲು ವಾರಗಳು ಬೇಕು. ಜ್ವರ ಬಿಟ್ಟ ಮೇಲೂ ಆ ಒಣಕೆಮ್ಮು ಕಾಡುವುದು ಬಹುಮಟ್ಟಿಗೆ ಇದಕ್ಕೇ.

ಮೈಕೈ ನೋವಿನದ್ದು ಬೇರೆ ಕತೆ. ಫ್ಲೂ ವೈರಸ್ ಸಾಮಾನ್ಯವಾಗಿ ತೊಡೆಗೂ ಬೆನ್ನಿಗೂ ಹೋಗುವುದಿಲ್ಲ. ಅದು ಇರುವುದು ಉಸಿರಿನ ದಾರಿಯಲ್ಲಿ. ಆದರೆ ಅಲ್ಲೆದ್ದ ಗಲಾಟೆಯ ಸುದ್ದಿ ಸೈಟೋಕೈನ್‌ಗಳೆಂಬ ರಾಸಾಯನಿಕಗಳಾಗಿ ರಕ್ತದಲ್ಲಿ ಮೈಯೆಲ್ಲ ಹರಡುತ್ತದೆ. ಮಿದುಳು ಬಿಸಿ ಏರಿಸುತ್ತದೆ, ಹಸಿವೆ ಕಟ್ಟುತ್ತದೆ, ಮಲಗು ಅನ್ನುತ್ತದೆ. ರೈನೋವೈರಸ್‌ನದು ಬೀದಿಜಗಳವಾದ್ದರಿಂದ ಸುದ್ದಿ ಸಾಮಾನ್ಯವಾಗಿ ಆ ಬೀದಿ ದಾಟುವುದಿಲ್ಲ. ಇದು ಬರೀ ಸ್ಥೂಲ ಲೆಕ್ಕ ಅನ್ನಿ. ಹಗುರವಾಗಿ ಬಂದುಹೋಗುವ ಫ್ಲೂ ನೆಗಡಿಯಂತೆಯೇ ಕಾಣಬಹುದು, ಅಸ್ತಮಾ ಇದ್ದವರಿಗೆ ನೆಗಡಿಯ ವೈರಸ್ಸೇ ಉಬ್ಬಸ ತರಬಹುದು. ಮುಖ ನೋಡಿ ಖಚಿತವಾಗಿ ಹೇಳಲು ಆಗದು, ಟೆಸ್ಟ್ ಮಾಡಿಸಬೇಕು.

ಇಷ್ಟನ್ನೂ ರಾಯರಿಗೆ ಹೇಳಿಯೇ ತೀರಬೇಕು ಅಂತ ಮಾರನೇ ದಿನ ಬೂತ್ ಹತ್ತಿರ ಕಾದೆ. ಫ್ಲೂ ಎರಡು ಆಯುಧ ಹಿಡಿದು ಬರುತ್ತದೆ ಸಾರ್ ಅಂತ ಶುರುಮಾಡಿದೆ. ಕೋಶದ ಮೇಲೆ ಸಯಾಲಿಕ್ ಆಮ್ಲ ಅನ್ನುವ ಒಂದು ಥರದ ಸಕ್ಕರೆ ಇರುತ್ತದೆ. ಒಂದು ಆಯುಧದಿಂದ ಅದನ್ನು ಹಿಡಿದು ಒಳಗೆ ಹೋಗುತ್ತದೆ. ಹೊರಗೆ ಬರುವಾಗ ಮರಿ ವೈರಸ್‌ಗಳು ಅದೇ ಸಕ್ಕರೆಗೆ ಅಂಟಿಕೊಳ್ಳಬಾರದಲ್ಲ, ಅದಕ್ಕೆ ಕತ್ತರಿಯಂಥ ಇನ್ನೊಂದು. ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಮಾತ್ರೆ ಆ ಕತ್ತರಿಯನ್ನೇ ಮೊಂಡು ಮಾಡುತ್ತದೆ, ಆದರೆ ಎರಡು ದಿನದೊಳಗೆ ಶುರುಮಾಡಿದರೆ ಉಪಯೋಗ ಜಾಸ್ತಿ, ರೈನೋವೈರಸ್ ಹತ್ತಿರ ಆ ಕತ್ತರಿಯೇ ಇಲ್ಲ...

ರಾಯರು ಕೈ ಅಡ್ಡ ಹಿಡಿದು ತಡೆದರು. "ಸಕ್ಕರೇನಾ? ನಾನು ಬಿಟ್ಟು ಎರಡು ವರ್ಷ ಆಯ್ತು ಸಾರ್. ಹೋದ ತಿಂಗಳು ನಂಗ್ಯಾಕೆ ಬಂತು ಹಾಗಾದ್ರೆ?"