ಐಫೋನ್ ಆಟಗಾರರ ಸೇವ್ ಬಗ್ಗೆ ಒಂದು ಮಾತು

"ಆಟಕ್ಕೆ ಬ್ರೌಸರ್ ಆವೃತ್ತಿ ಇದ್ದರೆ ಸಾಕು, ಲಿಂಕ್ ಕಳಿಸಿದರೆ ಯಾವ ಫೋನಿನಲ್ಲಾದರೂ ಆಡಬಹುದು" ಅಂತ ಆಟ ತಯಾರಿಸುವ ಹಲವರು ಹೇಳುತ್ತಾರೆ.

ಆಡಬಹುದು, ನಿಜ. ಆದರೆ ಐಫೋನಿನಲ್ಲಿ ಆಡಿದ್ದು ಉಳಿಯುತ್ತದೆ ಅನ್ನೋ ಖಾತ್ರಿ ಇಲ್ಲ. ಆಟಗಾರ ಸಫಾರಿ ಬಳಸುತ್ತಲೇ ಇದ್ದು, 7 ದಿನ ನಿಮ್ಮ ಆಟದ ಕಡೆ ಬರದಿದ್ದರೆ, ಆ ಪುಟ `localStorage` ಮತ್ತು `IndexedDB`ಯಲ್ಲಿ ಇಟ್ಟಿದ್ದನ್ನೆಲ್ಲ ಸಫಾರಿ ಅಳಿಸಿಹಾಕುತ್ತದೆ. 2020ರಿಂದ ಹೀಗೇ ಇದೆ. 40ನೇ ಹಂತದಲ್ಲಿ ಬಿಟ್ಟವರು ಎರಡು ವಾರದ ನಂತರ ಬಂದರೆ ಮತ್ತೆ 1ನೇ ಹಂತ. ಅವರು ದೂರು ಹೇಳುವುದಿಲ್ಲ, ಸುಮ್ನೆ ಹೊರಟುಹೋಗುತ್ತಾರೆ. ಐಫೋನಿನಲ್ಲಿ ಆಡುವ ಹಳೆಯ ಆಟಗಾರರು ಮೊದಲ ಹಂತದಲ್ಲೇ ಜಾಸ್ತಿ ಕಾಣಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಈ ಕಾಟ ಇಲ್ಲ. ಆದರೆ ಆ ಐಕಾನಿನ ಸಂಗ್ರಹವೇ ಬೇರೆ, ಸಫಾರಿಯಲ್ಲಿ ಆಡಿದ್ದು ಅಲ್ಲಿಗೆ ಬರುವುದಿಲ್ಲ. ಹಾಗಾಗಿ ಸೇರಿಸಿ ಅಂತ ಕೇಳುವುದಾದರೆ ಆಟದ ಶುರುವಿನಲ್ಲೇ ಕೇಳಬೇಕು, 20 ಹಂತ ಮುಗಿದ ಮೇಲಲ್ಲ. ಲಾಗಿನ್ ಇಡಲು ಇಷ್ಟವಿಲ್ಲದ ಸಣ್ಣ ತಂಡಗಳು ಪ್ರಗತಿಯನ್ನು ಒಂದು ಚಿಕ್ಕ ಕೋಡ್ ಆಗಿ ಕೊಟ್ಟು, ವಾಟ್ಸ್ಆ್ಯಪ್‌ನಲ್ಲಿ ಅದನ್ನು ತಮಗೇ ಕಳಿಸಿಕೊಳ್ಳಲು ಆಟಗಾರರಿಗೆ ಹೇಳಬಹುದು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಈ 7 ದಿನದ ನಿಯಮವೇ ಇಲ್ಲ, ಅದಕ್ಕೇ ಅಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಗೊತ್ತಾಗುವುದೇ ಇಲ್ಲ.